‘ಕೈಲಾದ ನೆರವು ನೀಡಿ’ ಎಂಬ ಸಾಲನ್ನು ತಿದ್ದಿದ ಬಗೆ

ನಾನು ಓದಿದ ಸರ್ಕಾರಿ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿಗಳು ದೇಣಿಗೆ ಪತ್ರದ ಕರಡು ಕಳಿಸಿ, ಕಾಗುಣಿತ ನೋಡಿಕೊಡಿ ಎಂದರು. ಕಾಗುಣಿತವೇನೋ ಸರಿಯಾಗಿತ್ತು. ಒಂದೂವರೆ ಪುಟದ ಪತ್ರದಲ್ಲಿ ಕೇಳಿಕೆ ಇದ್ದದ್ದು ಒಂದೇ ಕಡೆ: “ನಮ್ಮ ಶಾಲೆಯ ಸರ್ವತೋಮುಖ ಅಭಿವೃದ್ಧಿಗಾಗಿ ತಾವೆಲ್ಲರೂ ಉದಾರ ಮನಸ್ಸಿನಿಂದ ಕೈಲಾದ ನೆರವು ನೀಡಬೇಕಾಗಿ ವಿನಂತಿ.”

ಯಾವುದಕ್ಕೆ, ಎಷ್ಟು, ಯಾವಾಗಿನೊಳಗೆ ಎಂಬುದು ಇದರಲ್ಲಿ ಇಲ್ಲ. ಶಾಲೆಯ ಮೇಲೆ ಪ್ರೀತಿ ಇರುವವರೂ ಆಮೇಲೆ ನೋಡೋಣ ಎಂದು ಪಕ್ಕಕ್ಕಿಡುತ್ತಾರೆ. ಭಾಷೆ ತಿದ್ದಿ ಇದನ್ನು ಸರಿಮಾಡಲಾಗದು. ಬರೆಯುವವರಿಗೇ ಉತ್ತರ ಗೊತ್ತಿರಬೇಕು. ಹಾಗಾಗಿ ಮುಖ್ಯೋಪಾಧ್ಯಾಯಿನಿಯವರಿಗೆ ಫೋನ್ ಮಾಡಿ, “ಮೇಡಂ, ಈ ವರ್ಷ ಹಣ ಇಲ್ಲದ್ದರಿಂದ ನಿಂತುಹೋಗುವ ಕೆಲಸ ಯಾವುದು?” ಎಂದು ಕೇಳಿದೆ. ಕಾಂಪೌಂಡು, ಕಂಪ್ಯೂಟರು, ಬಣ್ಣ ಎಂದೆಲ್ಲ ಹೇಳಿದ ಮೇಲೆ ಅವರು ಸಂಜೆಯ ವಿಶೇಷ ತರಗತಿಯ ಮಾತು ತೆಗೆದರು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಜನವರಿಯಿಂದ ಸಂಜೆ ಗಣಿತ, ವಿಜ್ಞಾನ ಹೇಳಿಕೊಡುತ್ತಾರೆ. ಆದರೆ ದೂರದ ಹಳ್ಳಿಗಳ ಇಪ್ಪತ್ತೆರಡು ಹುಡುಗಿಯರು ಐದು ಗಂಟೆಯ ಬಸ್ಸಿಗೆ ಹೊರಟುಬಿಡಬೇಕು. ಅದು ತಪ್ಪಿದರೆ ಆ ದಾರಿಗೆ ಬೇರೆ ಬಸ್ಸಿಲ್ಲ.

ಪತ್ರಕ್ಕೆ ಬೇಕಾದ ವಿಷಯ ಇದೇ ಎನಿಸಿತು. ಅಲ್ಲೇ ಮಿನಿ ಬಸ್ಸಿನ ಬಾಡಿಗೆ ವಿಚಾರಿಸಿದೆವು. ಒಂದು ಸಂಜೆಗೆ 1,500 ರೂಪಾಯಿ, ಪರೀಕ್ಷೆಯವರೆಗೆ ಐವತ್ತು ಸಂಜೆ, ಒಟ್ಟು 75,000. ಕೇಳಿಕೆ ಹೀಗಾಯಿತು: “1,500 ರೂಪಾಯಿ ಕೊಟ್ಟರೆ ಒಂದು ಸಂಜೆ ಇಪ್ಪತ್ತೆರಡು ಹುಡುಗಿಯರು ಪಾಠ ಮುಗಿಸಿಕೊಂಡು ಮನೆ ಸೇರುತ್ತಾರೆ. ನಿಮ್ಮ ಬ್ಯಾಚಿನವರು ಕೂಡಿ 9,000 ಕೊಟ್ಟರೆ ಒಂದು ವಾರದ ಆರೂ ಸಂಜೆ ನಿಮ್ಮವು. ಜನವರಿಗೆ ಮೊದಲೇ ಬಸ್ಸು ಗೊತ್ತುಮಾಡಬೇಕಿರುವುದರಿಂದ ಡಿಸೆಂಬರ್ 20ರೊಳಗೆ ತಿಳಿಸಿ.”

ಕಾರ್ಯದರ್ಶಿಗಳಿಗೆ ಅಳುಕಿತ್ತು. “ಮೊತ್ತ ಹೇಳಿಬಿಟ್ರೆ ಹತ್ತು ಸಾವಿರ ಕೊಡೋರು ಒಂದೂವರೆ ಸಾವಿರಕ್ಕೆ ನಿಲ್ಲಿಸಲ್ವೇನ್ರೀ?” ಎಂದರು. ನ್ಯಾಯವಾದ ಪ್ರಶ್ನೆ. ವಾರದ ಲೆಕ್ಕವನ್ನೂ ಪತ್ರದಲ್ಲಿ ಹಾಕಿದ್ದು ಅದಕ್ಕಾಗಿಯೇ. ಹಣ ಉಳಿದರೆ ಬರುವ ವರ್ಷದ ಬಾಡಿಗೆಗೇ ಮೀಸಲು ಎಂದೂ ಸೇರಿಸಿದೆವು.

ಓದುಗರ ಮನಸ್ಸಿನಲ್ಲಿ ಏಳುವ ಇನ್ನೊಂದು ಪ್ರಶ್ನೆಗೂ ಪತ್ರದಲ್ಲೇ ಉತ್ತರ ಬೇಕಿತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಲ್ಲವೇ? “ಟಿಕೆಟ್ ಉಚಿತವಿದೆ, ಆ ಹೊತ್ತಿಗೆ ಬಸ್ಸೇ ಇಲ್ಲ” ಎಂಬ ಒಂದು ಸಾಲು ಸಾಕಾಯಿತು.

ಮನಸ್ಸಿಗೆ ತಟ್ಟುವ ಭಾಗವನ್ನು ನಾನು ಕಟ್ಟಲಿಲ್ಲ. ಕರಡಿನಲ್ಲಿ “ಬಡ, ಅಸಹಾಯಕ ಮಕ್ಕಳು” ಎಂದಿತ್ತು. ಆ ಮಕ್ಕಳೇ ಈ ಪತ್ರ ಓದಿದರೆ ಹೇಗನ್ನಿಸೀತು ಎಂದು ಯೋಚಿಸಿ ಆ ಎರಡೂ ವಿಶೇಷಣ ತೆಗೆದೆ. ಬದಲಿಗೆ ಹುಡುಗಿಯೊಬ್ಬಳು ಮೇಡಂ ಬಳಿ ಹೇಳಿದ್ದ ಮಾತನ್ನು, ಅವಳನ್ನೂ ಮನೆಯವರನ್ನೂ ಕೇಳಿ, ಹೆಸರಿಲ್ಲದೆ ಪತ್ರದ ಮೊದಲಿಗೆ ತಂದೆ: “ಮೇಷ್ಟ್ರು ಅರ್ಧ ಲೆಕ್ಕ ಮಾಡಿರ್ತಾರೆ, ಅಷ್ಟರಲ್ಲಿ ನಾವು ಬ್ಯಾಗ್ ಹಾಕ್ಕೊಂಡು ಓಡಬೇಕು. ಉತ್ತರ ಏನು ಬಂತು ಅಂತ ಮಾರನೇ ದಿನ ಕೇಳ್ತೀವಿ.” ಇದರ ಮುಂದೆ ಅಯ್ಯೋ ಎನ್ನುವ ಪದ ಒಂದೂ ಬೇಕಾಗಲಿಲ್ಲ. ಸಂಘದ ಇತಿಹಾಸ, ಪದಾಧಿಕಾರಿಗಳ ಪಟ್ಟಿ, ‘ಜ್ಞಾನ ದೇಗುಲ’ದ ವರ್ಣನೆ ಎಲ್ಲ ಹೋಗಿ ಪತ್ರ ಒಂದು ಪುಟಕ್ಕಿಳಿಯಿತು.

ಹಣ ಕಳಿಸುವ ಕಡೆ ಎಚ್ಚರ ಬೇಕು. ಕರಡಿನಲ್ಲಿದ್ದ ಪದಾಧಿಕಾರಿಯೊಬ್ಬರ ಫೋನ್‌ಪೇ ನಂಬರ್ ತೆಗೆದು ಸಂಘದ ಬ್ಯಾಂಕ್ ಖಾತೆಯನ್ನೇ ಕೊಟ್ಟೆವು. “ತೆರಿಗೆ ವಿನಾಯಿತಿ ಇದೆ” ಎಂಬ ಸಾಲೂ ಹೋಯಿತು, ಸಂಘ 80ಜಿ ನೋಂದಣಿ ಮಾಡಿಸಿರಲಿಲ್ಲ. ವಿದೇಶದಲ್ಲಿರುವವರ ವಿಷಯ ಇನ್ನೂ ಸೂಕ್ಷ್ಮ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರ ಹಣ, ಓಸಿಐ ಕಾರ್ಡ್ ಇದ್ದರೂ, ಕಾನೂನಿನ ಪ್ರಕಾರ ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಘ ಅದನ್ನು ಪಡೆಯುವಂತಿಲ್ಲ. ಅದನ್ನು ಬಿಡಿಸಿ ಬರೆದು, ಅಂಥವರು ಹಣ ಕಳಿಸಬಾರದೆಂದು ವಿನಂತಿಸಿದೆವು.

ಪತ್ರ ಹೋದ ಮೇಲೆ ಬಂದ ಉತ್ತರಗಳಲ್ಲೇ ವ್ಯತ್ಯಾಸ ಕಂಡಿತು. ಹಿಂದೆಲ್ಲ “ಶುಭವಾಗಲಿ” ಎಂದಷ್ಟೇ ಬರುತ್ತಿತ್ತು. ಈ ಸಲ ಬ್ಯಾಚಿನವರು “ನಮಗೆ ಯಾವ ವಾರ?” ಎಂದು ಕೇಳಿದರು. ಎಷ್ಟು ಸಂಜೆ ಬಸ್ಸು ಓಡಿತು, ಎಷ್ಟು ಹಣ ಉಳಿಯಿತು ಎಂಬ ಲೆಕ್ಕವನ್ನು ಹಣ ಕೊಟ್ಟವರೆಲ್ಲರಿಗೂ ಏಪ್ರಿಲ್‌ನಲ್ಲಿ ಕಳಿಸಿದೆವು. ಆ ಪತ್ರದಲ್ಲಿ ಹೊಸದಾಗಿ ಏನನ್ನೂ ಕೇಳಲಿಲ್ಲ.