150 ಓಮ್ ರೆಸಿಸ್ಟರ್‌ನಿಂದ 138.51 ಓಮ್ ಮಾಡಿದ್ದು: ನನ್ನ ಅನುಭವ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರೈಸ್ ಮಿಲ್‌ಗಳ ಪ್ಯಾನೆಲ್, ಟೆಂಪರೇಚರ್ ಕಂಟ್ರೋಲರ್ ಸರ್ವಿಸ್ ಮಾಡುವವನು ನಾನು. ಡ್ರೈಯರ್‌ಗಳಲ್ಲಿ ಹೆಚ್ಚಾಗಿ ಇರೋದು ಪಿಟಿ100 ಸೆನ್ಸರ್. ಸೊನ್ನೆ ಡಿಗ್ರಿಗೆ 100 ಓಮ್, 50 ಡಿಗ್ರಿಗೆ 119.40, 100 ಡಿಗ್ರಿಗೆ 138.51. ಇದು ನಿಮಗೆಲ್ಲ ಗೊತ್ತಿರೋದೇ. ಕಂಟ್ರೋಲರ್ ಸರಿ ಇದೆಯಾ, ಸೆನ್ಸರ್ ಕೆಟ್ಟಿದೆಯಾ, ವೈರ್‌ದೇ ದೋಷವಾ ಅಂತ ತಿಳಿಯಬೇಕಾದರೆ ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಸರಿಯಾಗಿ 138.51 ಓಮ್ ಕೊಡಬೇಕು. ಡಿಸ್ಪ್ಲೇ 100 ತೋರಿಸಬೇಕು.

ಅದಕ್ಕೆ ಅಂತಲೇ ಕ್ಯಾಲಿಬ್ರೇಟರ್ ಸಿಗುತ್ತೆ. ನಾನು ಕೇಳಿದಾಗ ಹೇಳಿದ ರೇಟು ಹದಿನೈದು ಸಾವಿರದ ಮೇಲೆ. ಒಂದು ಸೀಸನ್‌ನಲ್ಲಿ ಇಂಥ ಚೆಕಿಂಗ್‌ನಿಂದ ಬರೋದು ಎಷ್ಟು ಅಂತ ನಿಮಗೂ ಗೊತ್ತು. ಹಾಗಾಗಿ ಅಂಗಡಿಯ ರೆಸಿಸ್ಟರ್‌ಗಳಿಂದಲೇ ಒಂದು ಡಬ್ಬಿ ಮಾಡಲು ಹೊರಟೆ. ನನಗಿಂತ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ನಕ್ಕುಬಿಟ್ಟರು. "ಏನಪಾ ತಮ್ಮಾ, ಒಂದ್ ರೂಪಾಯಿ ರೆಸಿಸ್ಟರ್‌ನ್ಯಾಗ ಕ್ಯಾಲಿಬ್ರೇಷನ್ ಮಾಡ್ತೀಯೇನು? ಅದ್ರ ಟಾಲರೆನ್ಸೇ ಒಂದ್ ಪರ್ಸೆಂಟು!" ಅವರ ಮಾತಿನಲ್ಲಿ ಅರ್ಥ ಇತ್ತು. 138 ಓಮ್‌ಗೆ ಒಂದು ಪರ್ಸೆಂಟ್ ಅಂದರೆ 1.4 ಓಮ್. ಡಿಗ್ರಿಗೆ ಸುಮಾರು 0.38 ಓಮ್ ಲೆಕ್ಕದಲ್ಲಿ ಅದು ಮೂರೂವರೆ ಡಿಗ್ರಿ ಆಯ್ತು.

ಮೊದಲು ಮಾಡಿದ್ದು ಪ್ರಿಸೆಟ್ ಹಾಕಿ. 200 ಓಮ್ ಪ್ರಿಸೆಟ್ ತಿರುಗಿಸಿ ಮೀಟರ್‌ನಲ್ಲಿ 138.5 ಕೂರಿಸಿ, ಮೇಲೆ ನೇಲ್ ಪಾಲಿಶ್ ಬಳಿದೆ. ಮನೆಯಲ್ಲಿ ಚೆನ್ನಾಗಿತ್ತು. ಬೈಕ್ ಮೇಲೆ ಕಾರಟಗಿ ಮುಟ್ಟುವಷ್ಟರಲ್ಲಿ ಅರ್ಧ ಓಮ್ ಜಾರಿರುತ್ತಿತ್ತು. ಮಲ್ಟಿ ಟರ್ನ್ ಪ್ರಿಸೆಟ್‌ಗೂ ದುಡ್ಡು ಹಾಕಿದೆ. ಅದು ಸ್ವಲ್ಪ ವಾಸಿ, ಆದರೆ ನಂಬಿಕೆ ಬರಲಿಲ್ಲ. ಜಾರುವ ಕಾಂಟ್ಯಾಕ್ಟ್ ಇರುವ ಯಾವುದೂ ಈ ರಸ್ತೆಗಳಿಗೆ ಆಗೋದಲ್ಲ.

ಆಮೇಲೆ ಪ್ಯಾರಲಲ್ ಹಾದಿ ಹಿಡಿದೆ. ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿ ಇರುವ ಒಂದು ರೆಸಿಸ್ಟರ್ ತಗೋ, ಪಕ್ಕಕ್ಕೆ ಇನ್ನೊಂದು ದೊಡ್ಡದು ಕಟ್ಟಿ ಕೆಳಗೆ ಇಳಿಸು. ಬೇಕಾದದ್ದು R, ಕೈಯಲ್ಲಿರೋದು A, ಹುಡುಕಬೇಕಾದ್ದು B.

```
1/R = 1/A + 1/B
AB = RB + RA
B(A - R) = RA
B = RA / (A - R)
```

ಎರಡನೇ ಸಾಲಿನಲ್ಲಿ B ಎರಡೂ ಕಡೆ ಬರುತ್ತೆ. ನಮ್ಮ ಹುಡುಗರು ಅಲ್ಲೇ ನಿಂತುಬಿಡುತ್ತಾರೆ. RB ಯನ್ನು ಈ ಕಡೆ ತಂದು B ಹೊರಗೆ ತೆಗೆದರೆ ಮುಗೀತು. A ಯಾವಾಗಲೂ R ಗಿಂತ ದೊಡ್ಡದಿರಬೇಕು. ಇಲ್ಲದಿದ್ದರೆ B ಮೈನಸ್ ಬರುತ್ತೆ, ಅಂಥ ರೆಸಿಸ್ಟರ್ ಯಾವ ಅಂಗಡಿಯಲ್ಲೂ ಸಿಗಲ್ಲ.

138.51 ರ ಮೇಲೆ ನಮ್ಮ ಕಡೆ ಸುಲಭವಾಗಿ ಸಿಗೋದು 150. ಅದು ಕರಾರುವಾಕ್ಕಾಗಿ 150 ಇದೆ ಅಂದುಕೊಂಡರೆ B ಸುಮಾರು 1808 ಓಮ್. 1.8 ಕೆ ಹಾಕಿದರೆ 138.46 ಬರುತ್ತೆ. ಅದೃಷ್ಟ ನೋಡಿ, ಕಾಗದದ ಮೇಲೆ ತಪ್ಪು ಡಿಗ್ರಿಯ ಎಂಟನೇ ಒಂದು ಪಾಲು ಅಷ್ಟೇ.

ಆದರೆ ಪ್ಯಾಕೆಟ್‌ನ 150 ನಿಜವಾಗಿ 150 ಇರಲ್ಲ. ನನ್ನ ಕೈಗೆ ಬಂದದ್ದು 149.3. ಆಗ ಸೂತ್ರದ ಕೆಳಗಿನ A - R 11.49 ಅಲ್ಲ, 10.79. B 1916 ಕ್ಕೆ ಹೋಯ್ತು. 1.8 ಕೆ ಜೊತೆ 120 ಓಮ್ ಸೀರೀಸ್ ಹಾಕಿದೆ, 1920 ಆಯ್ತು. ಒಟ್ಟು 138.53. ನನಗೆ ಬೇಕಾದ್ದು ಇದೇ.

ಹಿರಿಯರಿಗೆ ನಾನು ಕೊಟ್ಟ ಉತ್ತರ ಇಲ್ಲಿದೆ. B ಯಲ್ಲಿನ ತಪ್ಪು ಪೂರ್ತಿ ದಾಟಿ ಬರಲ್ಲ. R ಭಾಗಿಸು B ಯಷ್ಟು ಪಾಲು ಮಾತ್ರ ದಾಟುತ್ತೆ. ಇಲ್ಲಿ ಅದು ಸುಮಾರು 14 ರಲ್ಲಿ 1 ಪಾಲು. B ಒಂದು ಪರ್ಸೆಂಟ್ ಆಚೀಚೆ ಇದ್ದರೂ ಒಟ್ಟಿನಲ್ಲಿ 0.1 ಓಮ್, ಅಂದರೆ ಕಾಲು ಡಿಗ್ರಿ. A ಯಲ್ಲಿನ ತಪ್ಪು ಮಾತ್ರ ಹೆಚ್ಚುಕಮ್ಮಿ ಹಾಗೇ ಬರುತ್ತೆ. ಆದ್ದರಿಂದ ದುಡ್ಡು, ತಾಳ್ಮೆ ಎರಡನ್ನೂ A ಅಳೆಯೋದರ ಮೇಲೆ ಹಾಕಬೇಕು. B ಗೆ ಸಾದಾ ಮೀಟರ್ ಸಾಕು.

A ಅಳೆಯೋದು ಹೇಗೆ? ಸಾದಾ ಮೀಟರ್‌ನ ಓಮ್ ರೇಂಜ್ ನಂಬಬೇಡಿ. ಪ್ರೋಬ್ ವೈರ್‌ದೇ 0.2, 0.3 ಓಮ್ ಸೇರಿರುತ್ತೆ. 0.1 ಪರ್ಸೆಂಟ್‌ನ 100 ಓಮ್ ರೆಸಿಸ್ಟರ್ ಒಂದು ತರಿಸಿದೆ. ನಲವತ್ತು ರೂಪಾಯಿ ಆಗಿರಬೇಕು, ಅದಕ್ಕಿಂತ ಕೊರಿಯರ್ ಖರ್ಚೇ ಜಾಸ್ತಿ. ಅದನ್ನು, ನನ್ನ 150 ನ್ನು, 8.2 ಕೆ ಯನ್ನು ಸಾಲಾಗಿ 9 ವೋಲ್ಟ್ ಬ್ಯಾಟರಿಗೆ ಕಟ್ಟಿದೆ. ಕರೆಂಟ್ ಒಂದು ಮಿಲಿ ಆಂಪ್ ಚಿಲ್ಲರೆ. ಎರಡರಲ್ಲೂ ಹರಿಯೋದು ಒಂದೇ ಕರೆಂಟ್ ಅಲ್ವಾ? 100 ರ ಮೇಲೆ 106.5 ಮಿಲಿವೋಲ್ಟ್, 150 ರ ಮೇಲೆ 159.0. ಭಾಗಿಸಿದರೆ 1.493. ಹಾಗೆ ಬಂದದ್ದು ಆ 149.3. ಮೀಟರ್ ಎರಡನ್ನೂ ಒಂದೇ ಪ್ರಮಾಣದಲ್ಲಿ ಜಾಸ್ತಿ ತೋರಿಸುತ್ತಿದ್ದರೂ ಭಾಗಿಸುವಾಗ ಅದು ಹೊಡೆದುಹೋಗುತ್ತೆ. ಕೊನೆಯ ಅಂಕಿ ಒಂದು ಆಚೀಚೆ ಆದರೆ ಅರ್ಧ ಡಿಗ್ರಿಯೊಳಗೆ ತಪ್ಪು ಉಳಿಯುತ್ತೆ. ಆಮೇಲೆ ಗೆಳೆಯರೊಬ್ಬರ ನಾಲ್ಕೂವರೆ ಡಿಜಿಟ್ ಮೀಟರ್ ತಂದು ಅದನ್ನೂ ಬಿಗಿ ಮಾಡಿಕೊಂಡೆ.

ಸೊನ್ನೆ ಡಿಗ್ರಿಗೆ ಪ್ಯಾಕೆಟ್‌ನಲ್ಲಿ 100.4 ಇರುವ ಒಂದು 100 ಆರಿಸಿದೆ. B 25 ಕೆ ಬಂತು, 24 ಕೆ ಹಾಕಿದೆ, 99.98 ಆಯ್ತು. ಇಂಥ ಕಡೆ B ಸ್ವಲ್ಪ ಆಚೀಚೆ ಇದ್ದರೂ ನಡೆಯುತ್ತೆ. 50 ಡಿಗ್ರಿಗೆ 120 ಬೇಕು. ಆದರೆ ಪ್ಯಾಕೆಟ್‌ನಲ್ಲಿ 119.4 ಕ್ಕಿಂತ ಕಡಿಮೆ ಇರುವವೂ ಬರುತ್ತವೆ, ಅವನ್ನು ಪಕ್ಕಕ್ಕಿಡಿ. ಹತ್ತರ ಪ್ಯಾಕೆಟ್ ತಗೊಂಡರೆ ಒಂದಾದರೂ ಸಿಗುತ್ತೆ.

ನಮ್ಮ ಬಿಸಿಲಿನ ವಿಷಯ ಬಿಡೋ ಹಾಗಿಲ್ಲ. ಇದೇ ಡಬ್ಬಿಯನ್ನು ಕಾರ್ಬನ್ ಫಿಲ್ಮ್ ರೆಸಿಸ್ಟರ್‌ನಿಂದಲೂ ಒಂದು ಮಾಡಿ ನೋಡಿದೆ. ಸುಮ್ನೆ ಕುತೂಹಲಕ್ಕೆ ಮೇ ತಿಂಗಳ ಮಧ್ಯಾಹ್ನ ಬೈಕ್ ಬ್ಯಾಗ್‌ನಲ್ಲಿ ಬಿಟ್ಟೆ. ಕೈ ಸುಡುವಷ್ಟು ಕಾದಿತ್ತು. ಕಂಟ್ರೋಲರ್‌ಗೆ ಕೊಟ್ಟರೆ 97 ರ ಆಸುಪಾಸು. ಕಾರ್ಬನ್ ಬಿಸಿಯಾದಷ್ಟೂ ಓಮ್ ಇಳಿಯುತ್ತೆ. ಮೆಟಲ್ ಫಿಲ್ಮ್ ಡಬ್ಬಿ ಅದೇ ಬಿಸಿಲಲ್ಲಿ ಅರ್ಧ ಡಿಗ್ರಿ ಮಾತ್ರ ಕದಲಿತು. A ಮೆಟಲ್, B ಕಾರ್ಬನ್ ಹಾಕಿ ಒಂದರ ಏರಿಕೆಯನ್ನು ಇನ್ನೊಂದರ ಇಳಿಕೆಯಿಂದ ಸರಿದೂಗಿಸುವ ಆಟವನ್ನೂ ಆಡಿದೆ. ಅದರಲ್ಲಿ ಯಾವ ಜೋಡಿ ಕೂಡಿತು ಅನ್ನೋದನ್ನ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಡಬ್ಬಿಯೊಳಗೆ ಏನು ತುಂಬಿದ್ದೇನೆ ಅನ್ನೋದನ್ನೂ!

ಈಗ ಕೆಲಸಕ್ಕೆ ಬಂದ ಕಥೆ. ಕಾರಟಗಿ ಕಡೆಯ ಒಂದು ಮಿಲ್‌ನಲ್ಲಿ ಡ್ರೈಯರ್ ಟೆಂಪರೇಚರ್ ಆರು ಡಿಗ್ರಿ ಜಾಸ್ತಿ ತೋರಿಸುತ್ತಿತ್ತು. ಸಾವುಕಾರ್ರು ಆಗಲೇ ಎರಡು ಸೆನ್ಸರ್ ಬದಲಿಸಿದ್ದರು. ಕಂಟ್ರೋಲರ್ ಬದಲಿಸೋಣ ಅಂತ ಹೇಳಿಯೂ ಆಗಿತ್ತು. ನನ್ನ ಡಬ್ಬಿಯನ್ನು ಕಂಟ್ರೋಲರ್ ಟರ್ಮಿನಲ್‌ಗೇ ಕಟ್ಟಿದೆ: 100. ಅಲ್ಲಿಗೆ ಕಂಟ್ರೋಲರ್ ಸರಿ. ಡಬ್ಬಿಯನ್ನು ಡ್ರೈಯರ್ ಹತ್ತಿರ, ಸೆನ್ಸರ್ ಇದ್ದ ಜಾಗದಲ್ಲಿ ಕಟ್ಟಿದೆ: 106. ಅಲ್ಲಿಗೆ ವೈರ್. ಆರು ಡಿಗ್ರಿ ಅಂದರೆ 2.3 ಓಮ್ ಹತ್ತಿರ. 0.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹೋಗಿ ಬರೋಕೆ ಮೀಟರ್‌ಗೆ 0.07 ಓಮ್ ಹಿಡಿದರೆ 33 ಮೀಟರ್ ಹತ್ತಿರ. ದೂರ ಹೆಜ್ಜೆ ಹಾಕಿ ನೋಡಿದೆ, ಅಷ್ಟೇ ಇತ್ತು. ಮೂರು ವೈರ್ ಸೆನ್ಸರ್‌ಗೆ ಎರಡೇ ವೈರ್ ಎಳೆದು, ಕಂಟ್ರೋಲರ್ ಹತ್ತಿರ ಜಂಪರ್ ಹಾಕಿದ್ದರು. ಕೇಬಲ್‌ನಲ್ಲಿ ಒಂದು ಕೋರ್ ಖಾಲಿ ಇತ್ತು. ಜಂಪರ್ ತೆಗೆದು ಆ ಕೋರನ್ನು ಡ್ರೈಯರ್ ತನಕ ಮುಟ್ಟಿಸಿದ ಮೇಲೆ ಡಿಸ್ಪ್ಲೇ 100 ಕ್ಕೆ ಬಂತು. ಸಾವುಕಾರ್ರು ಕೇಳಿದಷ್ಟು ಕೊಟ್ಟರು. ಡಬ್ಬಿಗೆ ಬಿದ್ದ ಖರ್ಚು, ಹಾಳಾದ ಪ್ರಿಸೆಟ್ ಸೇರಿಸಿದರೂ, ಐನೂರರ ಒಳಗೆ.

ಇದೇ ಲೆಕ್ಕವನ್ನು ಬೋರ್ಡ್ ರಿಪೇರಿಗೂ ಬಳಸುವವರಿಗೆ ಒಂದು ಮಾತು. ಸುಟ್ಟು ಕಪ್ಪಾದ ರೆಸಿಸ್ಟರ್‌ನ ಬಣ್ಣದ ಪಟ್ಟಿ ಕಾಣಲ್ಲ. ಪಕ್ಕದಲ್ಲಿ ಪ್ಯಾರಲಲ್ ಇರೋದು 1 ಕೆ. ಅಂಥದೇ ಇನ್ನೊಂದು ಒಳ್ಳೆ ಬೋರ್ಡ್‌ನಲ್ಲಿ ಅಳೆದರೆ ಎರಡೂ ಸೇರಿ 688. ಸೂತ್ರಕ್ಕೆ ಹಾಕಿದರೆ 2205, ಅಂದರೆ 2.2 ಕೆ. ಸರಿಯಾಗಿಯೇ ಬಂತು. ಈ ಧೈರ್ಯದ ಮೇಲೆ ಇನ್ನೊಂದು ಕಡೆ ಕೈ ಹಾಕಿದೆ. ಪಕ್ಕದಲ್ಲಿ 100 ಓಮ್, ಒಟ್ಟು 98.6. ಉತ್ತರ 7 ಕೆ. ಆದರೆ ಮೀಟರ್ 0.1 ಆಚೀಚೆ ಆದರೆ ಅದು 6.6 ಕೆ ಯಿಂದ 7.6 ಕೆ ತನಕ ಓಡಾಡುತ್ತೆ. ಆ 100 ಅನ್ನೋದು ನಿಜವಾಗಿ 99 ಇದ್ದರೆ ಉತ್ತರ 24 ಕೆ ಆಗಿಬಿಡುತ್ತೆ!

ಡಬ್ಬಿ ಕಟ್ಟುವಾಗ ತಪ್ಪನ್ನು 14 ರಿಂದ ಭಾಗಿಸಿದ ಅದೇ ಲೆಕ್ಕ ಇಲ್ಲಿ ತಿರುಗಿ 71 ರಿಂದ ಗುಣಿಸುತ್ತೆ. A, R ಹತ್ತಿರ ಹತ್ತಿರ ಇದ್ದಷ್ಟೂ ಕಟ್ಟೋದಕ್ಕೆ ಒಳ್ಳೇದು, ಹುಡುಕೋದಕ್ಕೆ ಕೆಟ್ಟದ್ದು. ಹುಡುಕುವಾಗ B ಭಾಗಿಸು R ಹತ್ತರ ಮೇಲೆ ಹೋದರೆ ನಾನು ಲೆಕ್ಕ ಬಿಟ್ಟು ಸೋಲ್ಡರಿಂಗ್ ಐರನ್ ಹಿಡಿದು ರೆಸಿಸ್ಟರ್‌ನ ಒಂದು ಕಾಲು ಎತ್ತಿ ಅಳೆಯುತ್ತೇನೆ. ಉತ್ತರ ಮೈನಸ್ ಬಂದರೆ ಅದೂ ಉಪಯೋಗದ್ದೇ. 100 ಅಂತ ಬರೆದಿರುವ ಜಾಗದಲ್ಲಿ ಒಟ್ಟು 101.3 ಅಂತ ಮೀಟರ್ ತೋರಿಸಿದರೆ ಆ 100 ಈಗ 100 ಆಗಿ ಉಳಿದಿಲ್ಲ, ಇಲ್ಲ ಪ್ರೋಬ್ ವೈರ್ ಓಮ್ ಸೇರಿಕೊಂಡಿದೆ ಅಂತ ಅರ್ಥ.

ಈಗ ಬಾಯ್ಲರ್ ಕಡೆಯವರು 150 ಡಿಗ್ರಿಯದೂ ಒಂದು ಪಾಯಿಂಟ್ ಕೇಳಿದ್ದಾರೆ. 157.33 ಓಮ್ ಬೇಕು. 160 ನಮ್ಮ ಅಂಗಡಿಗಳಲ್ಲಿ ಸಿಗುತ್ತಿಲ್ಲ, 180 ಹಾಕಿ ಲೆಕ್ಕ ಮಾಡಿದರೆ B 1249 ಬರುತ್ತೆ. 1.2 ಕೆ ಜೊತೆ 47 ಸೀರೀಸ್. ಇಲ್ಲಿ B ಯ ತಪ್ಪು 8 ರಲ್ಲಿ 1 ಪಾಲು ದಾಟುತ್ತೆ, ಹಾಗಾಗಿ ಈ ಸಲ B ಯನ್ನೂ ಬ್ಯಾಟರಿ ಕಟ್ಟಿಯೇ ಅಳೆಯಬೇಕು.