ಮೊದಲ ರೋಜಾ: ಸಹರಿಯಿಂದ ಇಫ್ತಾರ್‌ವರೆಗೆ

ರಂಜಾನ್ ಫೆಬ್ರುವರಿ–ಮಾರ್ಚ್‌ನಲ್ಲಿ ಬಂದರೆ ಬೆಂಗಳೂರಿನಲ್ಲಿ ಒಂದು ರೋಜಾ ಸುಮಾರು 13 ಗಂಟೆಯದು. ಮೊದಲ ಸಲ ಹಿಡಿಯುವವರನ್ನು ಹಸಿವಿಗಿಂತ ಹೆಚ್ಚಾಗಿ ಕಾಡುವುದು ಬಾಯಾರಿಕೆ ಮತ್ತು ತಲೆನೋವು. ದಿನಕ್ಕೆ ಮೂರು ಲೋಟ ಚಹಾ ಕುಡಿದು ರೂಢಿಯಾಗಿದ್ದರೆ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ. ಆದ್ದರಿಂದ ತಿಂಗಳು ಶುರುವಾಗುವ ಒಂದು ವಾರ ಮೊದಲೇ ಚಹಾವನ್ನು ಕಡಿಮೆ ಮಾಡುತ್ತ ಬನ್ನಿ.

ಮಸೀದಿಯಿಂದ ಬರುವ ವೇಳಾಪಟ್ಟಿಯಲ್ಲಿ ‘ಸಹರಿ ಮುಕ್ತಾಯ’ದ ಸಮಯ ನೋಡಿಕೊಳ್ಳಿ. ಅದು 5.20 ಎಂದಿದ್ದರೆ 4.30ಕ್ಕೆ ಏಳಬೇಕು. ಎರಡು ಚಪಾತಿ, ಮೊಟ್ಟೆ ಅಥವಾ ಬೇಳೆ, ಒಂದು ಬಟ್ಟಲು ಮೊಸರು, ಬಾಳೆಹಣ್ಣು: ಇಷ್ಟು ಸಾಕು. ರಾತ್ರಿ ಉಳಿದ ಬಿರಿಯಾನಿ, ಉಪ್ಪಿನಕಾಯಿ, ಹಪ್ಪಳ ಬೇಡ. ಉಪ್ಪು ಹೆಚ್ಚಾದಷ್ಟೂ ದಾಹ ಹೆಚ್ಚು. ಕೊನೆಯ ಎರಡು ನಿಮಿಷದಲ್ಲಿ ಒಂದು ಲೀಟರ್ ನೀರು ಗಟಗಟ ಕುಡಿಯುವವರಿದ್ದಾರೆ. ಆ ನೀರು ಬೇಗನೆ ಮೂತ್ರವಾಗಿ ಹೋಗುತ್ತದೆ. ಇಫ್ತಾರ್‌ನಿಂದ ಮಲಗುವವರೆಗೆ ಆಗಾಗ ಕುಡಿದು, ಸಹರಿಗೆ ಎರಡು ಲೋಟ ಇಟ್ಟುಕೊಳ್ಳುವುದೇ ಸರಿ.

ನಿಯ್ಯತ್ ಎಂದರೆ ಮನಸ್ಸಿನಲ್ಲಿ ಸಂಕಲ್ಪ ಮಾಡುವುದು. ಬ್ಯಾರಿ, ನವಾಯತ ಮನೆಗಳಲ್ಲಿ ಪಾಲಿಸುವ ಶಾಫಿ ಪಂಥದಲ್ಲಿ ಅದು ಬೆಳಗಾಗುವ ಮೊದಲೇ ಆಗಿರಬೇಕು. ಹನಫಿಗಳಿಗೆ, ಏನೂ ತಿಂದಿರದಿದ್ದರೆ, ಮಧ್ಯಾಹ್ನಕ್ಕೆ ಮೊದಲಿನವರೆಗೂ ಅವಕಾಶವಿದೆ.

ಹಗಲಿನಲ್ಲಿ ಮರೆತು ನೀರು ಕುಡಿದರೆ ಗಾಬರಿ ಬೇಡ, ರೋಜಾ ಮುರಿಯದು. ನೆನಪಾದ ಕೂಡಲೇ ನಿಲ್ಲಿಸಿ ಮುಂದುವರಿಸಿ. ತಲೆ ಸುತ್ತಿ ಕಣ್ಣು ಕತ್ತಲಿಟ್ಟರೆ ಮಾತ್ರ ಅದು ಬೇರೆ ಮಾತು. ದೇಹಕ್ಕೆ ಅಪಾಯವಾಗುವಂತಿದ್ದರೆ ರೋಜಾ ಬಿಡಬಹುದು. ಮನೆಯವರಿಂದ ಮುಚ್ಚಿಟ್ಟುಕೊಂಡು ಹಟ ಹಿಡಿಯಬೇಡಿ.

ಸೂರ್ಯಾಸ್ತವಾದೊಡನೆ ಬಿಡಬೇಕು, ತಡಮಾಡುವುದು ಪುಣ್ಯವೇನಲ್ಲ. ಒಂದೋ ಮೂರೋ ಖರ್ಜೂರ, ಒಂದು ಲೋಟ ನೀರು, ಆಮೇಲೆ ಮಗ್ರಿಬ್ ನಮಾಜು. ಅಷ್ಟರಲ್ಲಿ ಹೊಟ್ಟೆ ಎಚ್ಚರವಾಗಿರುತ್ತದೆ. ಬಳಿಕ ಗಂಜಿ, ಹಣ್ಣು, ಊಟ. ಖಾಲಿ ಹೊಟ್ಟೆಗೆ ಮಂಜುಗಡ್ಡೆ ಹಾಕಿದ ಶರಬತ್ತು, ಐದು ಸಮೋಸ ಒಟ್ಟಿಗೆ ಬಿದ್ದರೆ ಉಬ್ಬರ, ನೋವು ಖಂಡಿತ. ಬಜಾರಿನ ಕರಿದ ತಿಂಡಿಯ ಆಸೆಯೇ ಜಾಸ್ತಿಯಿದ್ದರೆ ಒಂದು ತಿಂದು ಸಾಕುಮಾಡಿ!

ರೋಜಾ ಕಡ್ಡಾಯವಾಗುವುದು ಪ್ರೌಢಾವಸ್ಥೆಗೆ ಬಂದ ಮೇಲೆ. ಅದಕ್ಕೂ ಚಿಕ್ಕವರು ಅರ್ಧ ದಿನ ಹಿಡಿದು ಅಭ್ಯಾಸ ಮಾಡಿಕೊಳ್ಳುತ್ತಾರೆ. ಕಾಯಿಲೆಯವರಿಗೆ, ಪ್ರಯಾಣಿಕರಿಗೆ ಕುರ್‌ಆನ್ ವಿನಾಯಿತಿ ಕೊಟ್ಟಿದೆ. ಮುಟ್ಟಿನ ದಿನಗಳಲ್ಲಿ ಹುಡುಗಿಯರು ರೋಜಾ ಹಿಡಿಯುವಂತೆಯೇ ಇಲ್ಲ. ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳು ವೈದ್ಯರನ್ನು ಕೇಳದೆ ಶುರುಮಾಡಬಾರದು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ತಕ್ಷಣ ಬಿಡಬೇಕು. ಬೆರಳು ಚುಚ್ಚಿ ಪರೀಕ್ಷಿಸಿದರೆ ರೋಜಾಕ್ಕೆ ಭಂಗವಿಲ್ಲ. ಬಿಟ್ಟ ದಿನಗಳನ್ನು ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆ ಖಜಾ ರೋಜಾಗಳನ್ನು ಮುಂದಿನ ರಂಜಾನ್‌ಗೆ ಮೊದಲು ತೀರಿಸಬೇಕು, ಒಂದರ ಹಿಂದೊಂದರಂತೆ ಹಿಡಿಯಲೇಬೇಕೆಂದೇನೂ ಇಲ್ಲ.