ಗುಂಡುಕಲ್ಲು ಪುಗ್ಗಾ ಆಗಬಾರದೆಂದರೆ

ಬಾಗಲಕೋಟೆಯಲ್ಲಿ ನಾವು ಮೂವರು ಸೇರಿ ಮಾಡುತ್ತಿದ್ದ ಅನಿಮೇಷನ್ ಕತೆಯೊಂದರಲ್ಲಿ ಜಾತ್ರೆಯ ದೃಶ್ಯ ಬರುತ್ತದೆ. ಪೈಲ್ವಾನನೊಬ್ಬ ಗುಂಡುಕಲ್ಲನ್ನು ಎತ್ತಿ ಹೆಗಲಿಗೆ ತಂದು ಮುಂದಕ್ಕೆ ಬಿಡುತ್ತಾನೆ. ಪಕ್ಕದ ಕಟ್ಟೆಯ ಮೇಲೆ ಕೂತ ಹುಡುಗನ ಕೈಯಿಂದ ಅದೇ ಹೊತ್ತಿಗೆ ರಬ್ಬರ್ ಚೆಂಡು ಜಾರುತ್ತದೆ. ಎರಡೂ ಬೀಳುವುದು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಿಂದ. ಕಲ್ಲು ಒಂದು ಅಡಿ ಅಗಲದ್ದು. ಗ್ರಾನೈಟ್ ಆದರೆ ಅಷ್ಟು ದೊಡ್ಡ ಗುಂಡು 40 ಕಿಲೋ ತೂಗುತ್ತದೆ. ಆ 40 ಕಿಲೋ ತೆರೆಯ ಮೇಲೆ ಕಾಣಬೇಕು, ಇದೇ ನಮ್ಮ ಮುಂದಿದ್ದ ಕೆಲಸ.

ಮೊದಲ ಸಲ ಓಡಿಸಿ ನೋಡಿದಾಗ ಕಲ್ಲು ತೇಲುತ್ತಿತ್ತು. ಟೀಮಿನ ಹುಡುಗ ನೋಡಿದವನೇ, "ಸರ, ಇದು ಪುಗ್ಗಾ ಬಿದ್ದಂಗ ಬೀಳಾಕತ್ತೈತ್ರಿ. ಕಲ್ಲು ವಜ್ಜ ಐತಲ್ರಿ, ಇನ್ನೂ ಜೋರ ಬೀಳಸೂಣೇನ್ರಿ?" ಎಂದ. ಹೊಸಬರಿಗೆಲ್ಲ ಮೊದಲು ಹೊಳೆಯುವ ಉಪಾಯ ಇದು. ಕೆಲಸ ಕೆಡುವುದೂ ಇದರಿಂದಲೇ. ಬೀಳುವಾಗ ಕಲ್ಲಿಗೂ ಚೆಂಡಿಗೂ ವ್ಯತ್ಯಾಸವಿಲ್ಲ. ಇಷ್ಟು ಕಡಿಮೆ ಎತ್ತರದಲ್ಲಿ ಗಾಳಿಯ ತಡೆ ಲೆಕ್ಕಕ್ಕೆ ಬರುವುದಿಲ್ಲ, ಎರಡೂ ಒಂದೇ ಹೊತ್ತಿಗೆ ನೆಲ ಮುಟ್ಟುತ್ತವೆ. ನಾಲ್ಕು ಅಡಿ ಬೀಳಲು ಅರ್ಧ ಸೆಕೆಂಡು, ಅಂದರೆ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 12 ಫ್ರೇಮು.

ನಾನು ಬಳಸುವ ಲೆಕ್ಕ ಬಹಳ ಸಣ್ಣದು. 24ರ ವೇಗದಲ್ಲಿ n ಫ್ರೇಮಿನಲ್ಲಿ ವಸ್ತು ಎಷ್ಟು ಇಂಚು ಬೀಳುತ್ತದೆ ಎಂದರೆ:

```
n × n ÷ 3
```

3 ಫ್ರೇಮಿಗೆ 3 ಇಂಚು, 6 ಫ್ರೇಮಿಗೆ ಒಂದು ಅಡಿ, 12 ಫ್ರೇಮಿಗೆ ನಾಲ್ಕು ಅಡಿ. ಹುಡುಗ ಹೇಳಿದಂತೆ ಕಲ್ಲನ್ನು 5 ಫ್ರೇಮಿನಲ್ಲೇ ಬೀಳಿಸಿಯೂ ನೋಡಿದೆವು. ತೂಕ ಬರುವ ಬದಲು ಕಲ್ಲೇ ಸಣ್ಣದಾಗಿ ಕಂಡಿತು. 5 ಫ್ರೇಮು ಎಂದರೆ ಎಂಟು ಇಂಚಿನ ಬೀಳುವಿಕೆ. ಪೈಲ್ವಾನ, ಕಟ್ಟೆ, ಕಲ್ಲು ಎಲ್ಲವನ್ನೂ ಮೇಜಿನ ಮೇಲಿನ ಆಟಿಕೆ ಎಂದು ಕಣ್ಣು ಓದಿಕೊಳ್ಳುತ್ತದೆ. ಅದೇ ನಾಲ್ಕು ಅಡಿಗೆ 20 ಫ್ರೇಮು ಕೊಟ್ಟರೆ ಗುರುತ್ವ ಭೂಮಿಯದರ 36 ಪ್ರತಿಶತಕ್ಕೆ ಇಳಿಯುತ್ತದೆ, ಹೆಚ್ಚುಕಡಿಮೆ ಮಂಗಳ ಗ್ರಹದಷ್ಟು. ಹಾಗಾಗಿ ಬೀಳುವ ಹೊತ್ತಿಗೆ ನಾನು ಕೈ ಹಚ್ಚುವುದಿಲ್ಲ. ಎತ್ತರ ಅಳೆದು ಫ್ರೇಮು ಎಣಿಸಿ ಅಲ್ಲಿಗೇ ಬಿಡುತ್ತೇನೆ.

ಆದರೆ 12 ಫ್ರೇಮು ಸರಿಯಾಗಿ ಕೊಟ್ಟಮೇಲೂ ನಮ್ಮ ಕಲ್ಲು ತೇಲುತ್ತಲೇ ಇತ್ತು. ಟೈಮಿಂಗ್ ಸರಿ ಇತ್ತು, ಕೆಟ್ಟಿದ್ದು ಸ್ಪೇಸಿಂಗ್. ಒಟ್ಟು ಎಷ್ಟು ಫ್ರೇಮು ಎಂಬುದು ಟೈಮಿಂಗ್. ಆ ಫ್ರೇಮುಗಳ ನಡುವೆ ದೂರ ಹೇಗೆ ಹಂಚಿಕೆಯಾಗಿದೆ ಎಂಬುದು ಸ್ಪೇಸಿಂಗ್. ಬೀಳುವ ವಸ್ತುವಿನ ಹಂಚಿಕೆ 1, 3, 5, 7, 9 ಹೀಗೆ ಬೆಸ ಸಂಖ್ಯೆಗಳಲ್ಲಿ ಬೆಳೆಯುತ್ತ ಹೋಗುತ್ತದೆ. 12 ಫ್ರೇಮಿಗೆ ಇವೆಲ್ಲ ಕೂಡಿ 144 ಪಾಲು. ಮೊದಲ ಫ್ರೇಮಿಗೆ ಒಂದು ಪಾಲು, ಕೊನೆಯದಕ್ಕೆ 23 ಪಾಲು. ಅರ್ಧ ಹೊತ್ತು ಕಳೆದಾಗ ಕಲ್ಲು ಇಳಿದಿರುವುದು ಕಾಲುಭಾಗ ಮಾತ್ರ. ಉಳಿದ ಮೂರು ಅಡಿಯನ್ನು ಅದು ಉಳಿದ 6 ಫ್ರೇಮಿನಲ್ಲಿ ದಾಟುತ್ತದೆ.

ಬ್ಲೆಂಡರಿನಲ್ಲಿ ಮೇಲೊಂದು, ಕೆಳಗೊಂದು ಕೀಫ್ರೇಮ್ ಹಾಕಿ ಸುಮ್ಮನಿದ್ದರೆ ಅದು ತಾನಾಗಿ ಎರಡೂ ತುದಿಯಲ್ಲಿ ನಯವಾದ ಕರ್ವ್ ಕೊಡುತ್ತದೆ. ಕಲ್ಲು ಮೇಲೆ ನಿಧಾನವಾಗಿ ಹೊರಡುತ್ತದೆ, ಅದು ಸರಿ. ನೆಲ ಹತ್ತಿರ ಬಂದಂತೆ ಮತ್ತೆ ನಿಧಾನವಾಗುತ್ತದೆ. ತೇಲುವಿಕೆ ಹುಟ್ಟುವುದು ಅಲ್ಲೇ. ಇದನ್ನು ಹಿಡಿಯಲು ನಾನು ಒಂದೇ ಫ್ರೇಮು ನೋಡುತ್ತೇನೆ: ನೆಲ ಮುಟ್ಟುವುದಕ್ಕೆ ಮೊದಲಿನದು. ನಮ್ಮ ಲೆಕ್ಕದ ಪ್ರಕಾರ 11ನೇ ಫ್ರೇಮಿನಲ್ಲಿ ಕಲ್ಲಿನ ತಳ ನೆಲದಿಂದ ಏಳೂವರೆ ಇಂಚಿಗಿಂತ ತುಸು ಹೆಚ್ಚೇ ಮೇಲಿರಬೇಕು. ತಾನಾಗಿ ಬಂದ ಕರ್ವ್‌ನಲ್ಲಿ ಅದು ಒಂದು ಇಂಚೂ ಇರುವುದಿಲ್ಲ. ಹಾಗಾದರೆ ಕಲ್ಲು ನೆಲಕ್ಕೆ ಅಪ್ಪಳಿಸುತ್ತಿಲ್ಲ, ಮೆಲ್ಲಗೆ ಇಳಿದು ಕೂರುತ್ತಿದೆ ಎಂದು ತಿಳಿಯಬೇಕು.

ಸರಿಮಾಡುವುದು ಕಷ್ಟವಲ್ಲ. `Graph Editor` ತೆರೆದು ಮೇಲಿನ ಕೀಫ್ರೇಮ್ ಆರಿಸಿ `T` ಒತ್ತಿ `Quadratic` ಕೊಡುತ್ತೇನೆ, ಆಮೇಲೆ `Ctrl+E` ಒತ್ತಿ `Ease In`. ಪುಟಿದು ಮೇಲೇಳುವಾಗ ನೆಲದ ಮೇಲಿನ ಕೀಫ್ರೇಮಿಗೆ ಅದೇ `Quadratic`, ಆದರೆ `Ease Out`. ಹೀಗೆ ಮಾಡಿದರೆ ನೆಲದ ಬಳಿ ಕರ್ವ್ ಚೂಪಾಗುತ್ತದೆ, ತುತ್ತತುದಿಯಲ್ಲಿ ದುಂಡಗೆ ಉಳಿಯುತ್ತದೆ. ಹ್ಯಾಂಡಲ್ ಎಳೆದು ಕೈಯಿಂದಲೂ ಮಾಡಬಹುದು, ಆದರೆ ಬೆಸ ಸಂಖ್ಯೆಯ ಹಂಚಿಕೆ ತಪ್ಪದೆ ಬರುವುದು ಇದರಲ್ಲೇ. ಅಡ್ಡ ಚಲನೆಯ ಕರ್ವ್ ಬೇರೆ. ವಸ್ತು ಗಾಳಿಯಲ್ಲಿರುವಷ್ಟು ಹೊತ್ತು ಅದು ನೇರ ಗೆರೆಯಾಗಿರಬೇಕು.

ಇಷ್ಟಾದ ಮೇಲೆ ಕಲ್ಲು, ಚೆಂಡು ಎರಡೂ ಸರಿಯಾಗಿ ಬಿದ್ದವು. ಯಾವುದು ಕಲ್ಲು, ಯಾವುದು ರಬ್ಬರ್ ಎಂಬುದು ಮಾತ್ರ ಇನ್ನೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಬೇಕಾದದ್ದು ನೆಲ ಮುಟ್ಟಿದ ಮೇಲೆ.

ಚೆಂಡಿಗೆ ಪ್ರತಿ ಪುಟಿತದಲ್ಲೂ ವೇಗದ ಮುಕ್ಕಾಲು ಪಾಲು ಉಳಿಸಿದೆ. ಆಗ ಮೇಲೇರುವ ಹೊತ್ತೂ ಮುಕ್ಕಾಲಾಗುತ್ತದೆ: 12 ಇದ್ದದ್ದು 9, ಆಮೇಲೆ 7, 5, 4, 3. ಏರಲು ಎಷ್ಟೋ ಇಳಿಯಲೂ ಅಷ್ಟೇ. ಎತ್ತರ ಇದಕ್ಕಿಂತ ಬೇಗ ಕುಗ್ಗುತ್ತದೆ; 9 ಫ್ರೇಮಿಗೆ 27 ಇಂಚು, 7ಕ್ಕೆ 16 ಇಂಚು. ಎತ್ತರ ಇಳಿಸಿ ಫ್ರೇಮು ಇಳಿಸದೆ ಹೋದರೆ ಪುಟಿದಂತೆಲ್ಲ ಗುರುತ್ವ ಕಡಿಮೆಯಾಗುತ್ತ ಚೆಂಡು ಕೊನೆಕೊನೆಗೆ ತೇಲತೊಡಗುತ್ತದೆ. ಎತ್ತರ ಅರ್ಧವಾಯಿತೆಂದು ಫ್ರೇಮನ್ನೂ ಅರ್ಧಕ್ಕೆ ಇಳಿಸಿದರೆ ಉಲ್ಟಾ ತೊಂದರೆ, ಚೆಂಡು ಗಾಬರಿಬಿದ್ದಂತೆ ನಡುಗುತ್ತದೆ. ಎತ್ತರ ಕಾಲುಭಾಗವಾದರೆ ಮಾತ್ರ ಹೊತ್ತು ಅರ್ಧ.

ಕಲ್ಲಿಗೆ ಈ ಸಾಲೇ ಇಲ್ಲ. 12 ಫ್ರೇಮು ಬಿತ್ತು, ಗುಡಿಯ ಮುಂದಿನ ಹಾಸುಗಲ್ಲಿನ ಮೇಲೆ ಎರಡು ಫ್ರೇಮು ಮೇಲೆದ್ದಿತು, ಎರಡು ಫ್ರೇಮು ಇಳಿಯಿತು. ಎತ್ತರ ಒಂದೂಕಾಲು ಇಂಚಿನ ಆಸುಪಾಸು, ನೋಡುವವರಿಗೆ ಒಂದು ಅದುರು ಮಾತ್ರ. ನಾಲ್ಕು ಅಡಿಯ ರಭಸವೆಲ್ಲ ಒಮ್ಮೆಗೇ ಸತ್ತುಹೋಗುವುದನ್ನು ಕಂಡಾಗಲೇ ಕಣ್ಣು 'ವಜ್ಜ' ಎನ್ನುವುದು. ಅಡ್ಡ ವೇಗವೂ ಅಲ್ಲೇ ಬಹುಪಾಲು ನಿಲ್ಲಬೇಕು. ಉಳಿದಷ್ಟರಲ್ಲಿ ಕಲ್ಲು ಒಂಬತ್ತು-ಹತ್ತು ಇಂಚು ನಿಧಾನವಾಗಿ ಉರುಳಿತು. ಅಡಿ ಅಗಲದ ಗುಂಡಿಗೆ ಅದು ಕಾಲು ಸುತ್ತು. ಸುತ್ತು ಮತ್ತು ದೂರ ತಾಳೆಯಾಗದಿದ್ದರೆ ಕಲ್ಲು ಜಾರುತ್ತದೆ, ತೂಕ ಮತ್ತೆ ಹೋಗುತ್ತದೆ. ಚೆಂಡನ್ನು ನೆಲ ಮುಟ್ಟಿದ ಫ್ರೇಮಿನಲ್ಲಿ ಸ್ವಲ್ಪ ಚಪ್ಪಟೆ ಮಾಡಿದೆ, ಕಲ್ಲಿನ ಆಕಾರ ಮುಟ್ಟಲಿಲ್ಲ. ಕ್ಯಾಮೆರಾ ಅಲುಗಿಸೋಣ ಎಂಬ ಮಾತು ಬಂತು, ಬೇಡವೆಂದೆ. ಸ್ಪೇಸಿಂಗ್ ಸರಿಯಿಲ್ಲದಾಗ ಅದು ಬರೀ ಮುಚ್ಚಿಡುವ ಕೆಲಸ ಮಾಡುತ್ತದೆ.

ಕತೆಯಲ್ಲಿ ಮುಂದೊಂದು ಕಡೆ ಇದೇ ಕಲ್ಲು ಹೊಲದ ಎರೆಮಣ್ಣಿಗೆ ಬೀಳುತ್ತದೆ. ಅಲ್ಲಿ ಆ ಎರಡು ಫ್ರೇಮಿನ ಅದುರನ್ನೂ ತೆಗೆದುಹಾಕಿ, ಮುಟ್ಟಿದ ಮರುಫ್ರೇಮಿಗೆ ಕಲ್ಲನ್ನು ಒಂದು ಇಂಚು ಮಣ್ಣೊಳಗೆ ಇಳಿಸಿದೆ. ಉರುಳುವಿಕೆ ಇಲ್ಲ. ಬೀಳುವ 12 ಫ್ರೇಮು ಹಾಗೇ ಉಳಿದವು. ಮೊಬೈಲಿಗೆಂದು ಸೆಕೆಂಡಿಗೆ 30 ಫ್ರೇಮಿನಲ್ಲಿ ಮಾಡುವವರು ಈ 12ರ ಜಾಗದಲ್ಲಿ 15 ಇಟ್ಟುಕೊಳ್ಳಬೇಕು, ಮತ್ತು ಮೂರರಿಂದ ಭಾಗಿಸುವ ಲೆಕ್ಕ ಅಲ್ಲಿ ನಡೆಯುವುದಿಲ್ಲ.